‘ಸರಿ ಸಾರ್’: ಗೆಳೆಯನಿಗೆ ಕಳಿಸಿದ ಗಾದೆ ಉಪದೇಶವಾದ ಒಂದು ಪ್ರಕರಣ

ಇಬ್ಬರೂ ಹಾಸನದ ಒಂದೇ ಹಾಸ್ಟೆಲಿನಲ್ಲಿ ಓದಿದವರು. ಈಗ ನಲವತ್ತು ದಾಟಿದ ವಯಸ್ಸು. ಒಬ್ಬರಿಗೆ ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ, ಇನ್ನೊಬ್ಬರಿಗೆ ಹಾಸನ ಪೇಟೆಯಲ್ಲಿ ಆಫೀಸು ಕೆಲಸ. ಇಲ್ಲಿ ಅವರನ್ನು ತೋಟದವರು, ಪೇಟೆಯವರು ಎಂದಷ್ಟೇ ಕರೆಯೋಣ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದೆ, ಸಂದೇಶಗಳ ಮಾತಿನ ಧಾಟಿಯನ್ನು ಮಾತ್ರ ಇದ್ದಂತೆಯೇ ಇಟ್ಟಿದೆ. ಅವರಿಬ್ಬರ ನಡುವೆ ‘ಲೋ’, ‘ಮಾರಾಯ’, ‘ಕಣೋ’ ಬಿಟ್ಟು ಬೇರೆ ಸಂಬೋಧನೆ ಇರಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಬೇಕು. ಎಡವಟ್ಟಾಗಿದೆ ಎಂದು ಗೊತ್ತಾದದ್ದು ಅದರಿಂದಲೇ.

ಹಿನ್ನೆಲೆ

ಜನವರಿಯ ಮೊದಲ ವಾರ. ತೋಟದವರ ಅರೇಬಿಕಾ ಹಣ್ಣು ಕಣದಲ್ಲಿ ಒಂಬತ್ತು ದಿನದಿಂದ ಒಣಗುತ್ತಿತ್ತು. ಹಣ್ಣನ್ನು ಸಿಪ್ಪೆ ಸಮೇತ ಹಾಗೇ ಒಣಗಿಸಿ ಚೆರ್ರಿ ಮಾಡುವವರಿಗೆ ಒಳ್ಳೆಯ ಬಿಸಿಲಿದ್ದರೂ 12ರಿಂದ 15 ದಿನ ಬೇಕು. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗಲೇ ಮೂಟೆ ಕಟ್ಟುವುದು. ಇನ್ನೇನು ನಾಲ್ಕು ಬಿಸಿಲು ಬಿದ್ದರೆ ಮುಗಿಯಿತು ಎನ್ನುವಾಗ ಮಂಗಳವಾರ ರಾತ್ರಿ ಅಕಾಲ ಮಳೆ ಸುರಿಯಿತು. ತೋಟದವರು ಅಂದು ಬೇಲೂರಿನ ಕಡೆ ಮದುವೆಗೆ ಹೋಗಿದ್ದರು. ಮನೆಯಲ್ಲಿದ್ದವರು ಕತ್ತಲಲ್ಲೇ ಓಡಿ ಟಾರ್ಪಾಲು ಎಳೆದರೂ ಅರ್ಧ ಕಣ ನೆನೆದುಹೋಯಿತು. ಹಾಗೆ ನೆನೆದ ಹಣ್ಣನ್ನು ಬೇಗ ಹರಡಿ ತಿರುವಿ ಹಾಕದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಆ ವಾಸನೆ ಬೀಜ ಬಿಟ್ಟು ಹೋಗುವುದಿಲ್ಲ.

ನಷ್ಟದ ಜೊತೆಗೆ ‘ನಾನು ಮದುವೆಗೆ ಹೋಗಬಾರದಿತ್ತು’ ಎನ್ನುವ ಚುಚ್ಚು ಬೇರೆ ಇತ್ತು. ಗಾದೆ ಎಲ್ಲಿ ತಾಕಿತು ಎನ್ನುವುದಕ್ಕೆ ಈ ಎರಡನೆಯದೇ ಮುಖ್ಯ.

ಮೊದಲ ಸಂದೇಶ

ಬುಧವಾರ ಬೆಳಿಗ್ಗೆ ತೋಟದವರು ಹಾಸ್ಟೆಲಿನ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ನೆನೆದ ಕಣದ ಒಂದು ಫೋಟೊ ಹಾಕಿದರು. ಒಂದಕ್ಷರ ಬರೆಯಲಿಲ್ಲ. ಪೇಟೆಯವರು ಹತ್ತು ನಿಮಿಷದೊಳಗೆ ಗುಂಪಿನಲ್ಲೇ ಬರೆದರು:

“ತಾಳಿದವನು ಬಾಳಿಯಾನು. ಚಿಂತೆ ಮಾಡಬೇಡ, ಎಲ್ಲಾ ಒಳ್ಳೆಯದಾಗುತ್ತೆ. ಇನ್ನು ಮುಂದೆ ಮಳೆ ಮುನ್ಸೂಚನೆ ನೋಡಿಕೊಂಡು ಹೊರಗೆ ಹೋಗು.”

ಉತ್ತರ ಬಂದದ್ದು ಮಧ್ಯಾಹ್ನ. “ಸರಿ ಸಾರ್.” ಅಷ್ಟೇ.

ಇಪ್ಪತ್ತು ವರ್ಷ ‘ಲೋ’ ಅಂದ ಬಾಯಲ್ಲಿ ‘ಸಾರ್’ ಬಂದರೆ ಅದು ಮರ್ಯಾದೆಯಲ್ಲ, ದೂರ ಸರಿದು ಕೂತ ಲಕ್ಷಣ. ನೀನು ಮೇಷ್ಟ್ರಾದೆ, ನಾನು ಹುಡುಗನಾದೆ ಎಂದು ಹೇಳಿದ ಹಾಗೆ. ಗಾದೆ ಉಪದೇಶವಾಯಿತೋ ಇಲ್ಲವೋ ತಿಳಿಯಬೇಕೆಂದರೆ ಉತ್ತರ ಎಷ್ಟು ಉದ್ದವಿದೆ ಎಂದು ನೋಡುವುದಕ್ಕಿಂತ ಸಂಬೋಧನೆ ಬದಲಾಗಿದೆಯೇ ಎಂದು ನೋಡುವುದು ಮೇಲು. ಬರೀ ಕೈಮುಗಿದ ಚಿತ್ರ ಬಂದರೂ ಅರ್ಥ ಅದೇ.

ತಪ್ಪಿದ್ದು ಎಲ್ಲಿ

ಗಾದೆಯನ್ನು ದೂರಿ ಫಲವಿಲ್ಲ. ‘ತಾಳಿದವನು ಬಾಳಿಯಾನು’ ಮಾತಿನಲ್ಲಿ ಆಜ್ಞೆ ಇಲ್ಲವೇ ಇಲ್ಲ. ‘ಬಾಳಿಯಾನು’ ಅನ್ನುವುದು ಸಂಭಾವನೆಯ ರೂಪ, ಬಾಳಬಹುದು ಎಂದು ಅರ್ಥ. ಬಾಳುತ್ತಾನೆ ಎಂದು ಖಾತ್ರಿಯನ್ನೂ ಕೊಡುವುದಿಲ್ಲ, ತಾಳು ಎಂದು ಗದರುವುದೂ ಇಲ್ಲ. ಹೀಗಿದ್ದೂ ಅದು ಕೋಲು ಹಿಡಿದು ನಿಂತಂತೆ ಕೇಳಿಸಿತು, ಯಾಕೆ?

ಒಂದು ಕಾರಣ ‘ತಾಳಿದವನು’ ಎಂಬ ಪದದಲ್ಲೇ ಇದೆ. ಅದು ಜನರನ್ನು ತಾಳಿದವರು, ತಾಳದವರು ಎಂದು ಎರಡು ಪಾಲು ಮಾಡುತ್ತದೆ. ಕೇಳುವವನು ನಾನು ಯಾವ ಪಾಲಿಗೆ ಸೇರಿದವನು ಎಂದು ತನ್ನನ್ನೇ ತೂಗಿ ನೋಡಿಕೊಳ್ಳಬೇಕಾಗುತ್ತದೆ. ಕಣದಲ್ಲಿ ಹಣ್ಣು ಹುಳಿಯುತ್ತಿರುವಾಗ ಆ ತಕ್ಕಡಿ ಯಾರಿಗೆ ಬೇಕು?

ಇನ್ನೊಂದು, ಗಾದೆ ಕೂತ ಜಾಗ. ಸಂದೇಶದ ತಲೆಯಲ್ಲಿ, ಪುಸ್ತಕದ ಭಾಷೆಯಲ್ಲಿ, ಪೂರ್ಣವಿರಾಮ ಹೊತ್ತು ಕೂತಿತ್ತು. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಈ ನೋಟ ಹೊಸದಲ್ಲ. ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದು ಕೊಡುವುದು ಹೀಗೇ. ಮೇಲೆ ಗಾದೆ, ಕೆಳಗೆ ‘ಗಾದೆಗಳು ವೇದಗಳಿಗೆ ಸಮಾನ’ ಎಂದು ಶುರುವಾಗುವ ವಿಸ್ತರಣೆ. ಪೇಟೆಯವರು ಗೊತ್ತಿಲ್ಲದೆಯೇ ಆ ಉತ್ತರ ಪತ್ರಿಕೆಯ ಆಕಾರವನ್ನೇ ಬರೆದಿದ್ದರು. ಮೊದಲು ಗಾದೆ, ನಡುವೆ ಸಮಾಧಾನ, ಕೊನೆಗೆ ನೀತಿ.

ಆ ಕೊನೆಯ ವಾಕ್ಯವೇ ಗಾದೆಯ ಬೆರಳನ್ನು ಗೆಳೆಯನ ಕಡೆ ತಿರುಗಿಸಿತು. ‘ನೋಡಿಕೊಂಡು ಹೊರಗೆ ಹೋಗು’ ಎಂದರೆ ಮದುವೆಗೆ ಹೋದದ್ದು ನಿನ್ನ ತಪ್ಪು ಎಂದ ಹಾಗಾಯಿತು. ಅದೂ ಗುಂಪಿನ ಅಷ್ಟೂ ಜನರ ಎದುರಿಗೆ. ಒಳಗೆ ಬಂದು ಹೇಳಬೇಕಾದ ಮಾತನ್ನು ಜಗಲಿಯ ಮೇಲೆ ನಿಂತು ಹೇಳಿದ್ದಾಯಿತು.

ಬರೆದು ಅಳಿಸಿದ ಕರಡುಗಳು

ಪೇಟೆಯವರಿಗೆ ಎರಡು ದಿನ ಸುಮ್ಮನಿರಲಾಗಲಿಲ್ಲ. ಶುಕ್ರವಾರ ರಾತ್ರಿ, ಗುಂಪು ಬಿಟ್ಟು ನೇರವಾಗಿ ತೋಟದವರೊಬ್ಬರಿಗೇ ಬರೆಯಲು ಕೂತರು. ಮೊದಲು ಬೆರಳಿಗೆ ಬಂದದ್ದು ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’. ಒಂಬತ್ತು ದಿನ ಒಣಗಿದ ಕಾಫಿಗೆ ಇದಕ್ಕಿಂತ ಹೊಂದುವ ಮಾತು ಸಿಗುವುದು ಕಷ್ಟ. ಉಪದೇಶವೂ ಇಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತದೆ. ಆದರೂ ಅವರು ಅದನ್ನು ಅಳಿಸಿದರು, ಅಳಿಸಿದ್ದೇ ಸರಿ. ತುತ್ತು ಕಳೆದುಕೊಂಡವನೇ ಅದನ್ನು ಹೇಳಿದರೆ ಅದು ಅವನ ನಿಟ್ಟುಸಿರು. ಹೊರಗಿನವರು ಹೇಳಿದರೆ ಲೆಕ್ಕ ಮುಗಿಸಿ ಗೆರೆ ಎಳೆದಂತೆ. ಕಣದ ಅರ್ಧ ಇನ್ನೂ ಉಳಿದಿರುವಾಗ ‘ಬರಲಿಲ್ಲ’ ಎಂದು ತೀರ್ಮಾನ ಕೊಡಲು ಪೇಟೆಯವರು ಯಾರು?

ಎರಡನೆಯ ಕರಡು ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’. ನಗಿಸಲು ಬರೆದದ್ದು. ಈ ಗಾದೆಯನ್ನು ಯಾರ ಮೇಲೆ ಹಾಕಿದರೂ ಅಣಕವಾಗುತ್ತದೆ. ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಅದನ್ನು ಕಳಿಸುವುದು ಗಾಯಕ್ಕೆ ಉಪ್ಪು.

ಆಮೇಲೆ ಅವರು ಒಂದು ಪ್ರಶ್ನೆ ಹಾಕಿಕೊಂಡರು. ಗೆಳೆಯನ ನಷ್ಟಕ್ಕೆ ಯಾವ ಗಾದೆ ಹೊಂದುತ್ತದೆ ಎಂದು ಹುಡುಕುವ ಬದಲು ನನ್ನ ಎಡವಟ್ಟಿಗೆ ಯಾವುದು ಹೊಂದುತ್ತದೆ? ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಸಿಕ್ಕಿದ್ದು ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’.

ಇಲ್ಲಿ ಒಂದು ಮಾತು. ‘ಅಟ್ಟ’ ಅಂದರೆ ಮನೆಯ ಮೇಲಿನ ಅಟ್ಟವಲ್ಲ. ಅಡು, ಅಂದರೆ ಬೇಯಿಸು ಎಂಬುದರಿಂದ ಬಂದದ್ದು. ಅಡುಗೆ ಆದ ಮೇಲೆ ಒಲೆ ಹೊತ್ತಿಕೊಂಡಿತು ಎಂದು ಅರ್ಥ. ಅಟ್ಟಕ್ಕೂ ಒಲೆಗೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡವರು ಬಹಳ ಜನ. ಕಳಿಸುವ ಗಾದೆಯ ಪದಗಳು ಕಳಿಸುವವರಿಗಾದರೂ ತಿಳಿದಿರಬೇಕು, ಇಲ್ಲದಿದ್ದರೆ ಮಕ್ಕಳು ತಿರುಗಿ ಕೇಳಿದಾಗ ಬಾಯಿ ಕಟ್ಟುತ್ತದೆ.

ಈ ಗಾದೆ ಎರಡು ಅಲಗಿನ ಕತ್ತಿ. ತೋಟದವರ ಮೇಲೆ ಹಾಕಿದ್ದರೆ ‘ನಿನಗೆ ಈಗ ಬುದ್ಧಿ ಬಂತು’ ಎಂದಾಗಿ ಮೊದಲ ಸಂದೇಶಕ್ಕಿಂತ ಹತ್ತು ಪಟ್ಟು ಕೆಟ್ಟದಾಗುತ್ತಿತ್ತು. ತಮ್ಮ ಮೇಲೆ ಹಾಕಿಕೊಂಡದ್ದರಿಂದ ಅದೇ ಕ್ಷಮೆಯಾಯಿತು.

ಕಳಿಸಿದ್ದು

“ಲೋ, ಮೊನ್ನೆ ಗ್ರೂಪಲ್ಲಿ ಮೇಷ್ಟ್ರ ಥರ ಬರ್ದ್ಬಿಟ್ಟೆ. ಕಳ್ಸಿದ್ ಮೇಲೆ ನಂಗೇ ಒಂಥರ ಆಯ್ತು. ಅಟ್ಟ ಮೇಲೆ ಒಲೆ ಉರೀತು ಅನ್ನಂಗಾಯ್ತು ನನ್ ಕಥೆ. ಕಣದಲ್ಲಿ ಎಷ್ಟು ಉಳೀತು ಮಾರಾಯ? ಭಾನುವಾರ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬರ್ತೀನಿ. ಹಣ್ಣು ಬೇರೆ ಮಾಡಕ್ಕೆ ಎರಡು ಕೈ ಜಾಸ್ತಿ ಆಗ್ತವೆ.”

ಉತ್ತರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ:

“ಕೆಟ್ಟ ಮೇಲೆ ಬುದ್ಧಿ ಬಂತೇನೋ ನಿಂಗೆ! ಬಾರೋ. ಟಾರ್ಪಾಲ್ ಹೊದ್ಸಿದ್ ಕಡೆ ಬಚಾವು. ಇನ್ನೊಂದ್ ಕಡೆ ವಾಸನೆ ಹಿಡಿದೈತೆ. ಬರುವಾಗ ಒಂದು ಟಾರ್ಪಾಲ್ ಹಿಡ್ಕೊಂಡ್ ಬಾ, ದೊಡ್ಡದು.”

ಗಾದೆಯ ಎರಡನೆಯ ಅರ್ಧವನ್ನು ಹೇಳಿದವರು ತೋಟದವರು. ಪೇಟೆಯವರು ಅದನ್ನು ಬೇಕೆಂದೇ ಬಿಟ್ಟಿದ್ದರು. ನಮ್ಮ ಅನೇಕ ಗಾದೆಗಳಿಗೆ ಎರಡು ಹೋಳು ಇರುತ್ತವೆ, ಒಂದಕ್ಕೊಂದು ಪ್ರಾಸದಲ್ಲಿ ಕೊಂಡಿ ಹಾಕಿಕೊಂಡಿರುತ್ತವೆ. ಇಲ್ಲಿ ಅಟ್ಟ, ಕೆಟ್ಟ. ಮೊದಲ ಹೋಳು ಕೇಳಿದ ಕೂಡಲೇ ಎರಡನೆಯದು ನಾಲಿಗೆಗೆ ತಾನಾಗಿ ಬರುತ್ತದೆ. ಊರಲ್ಲಿ ಮಾತಾಡುವಾಗಲೂ ಹಿರಿಯರು ಅರ್ಧ ಹೇಳಿ ತಲೆಯಾಡಿಸುವುದೇ ಹೆಚ್ಚು, ಉಳಿದದ್ದು ಎದುರಿನವರ ಪಾಲಿಗೆ. ಪೂರ್ತಿ ಹೇಳಿದ ಗಾದೆಗೆ ಹೂಂ ಅನ್ನುವುದು ಬಿಟ್ಟು ಕೇಳುವವರಿಗೆ ಕೆಲಸವಿಲ್ಲ. ಅರ್ಧ ಹೇಳಿದರೆ ಅವರ ಕೈಗೂ ಒಂದು ಕೊನೆ ಸಿಗುತ್ತದೆ. ಈ ಪ್ರಕರಣದಲ್ಲಿ ಅದಕ್ಕಿಂತ ಹೆಚ್ಚಿನದೂ ನಡೆಯಿತು. ಗೆಳೆಯನನ್ನು ಬೈಯುವ ಸುಖವೂ ತೋಟದವರಿಗೆ ಸಿಕ್ಕಿತು. ಎರಡು ದಿನದ ಹಿಂದೆ ಬೈಸಿಕೊಂಡವನು ಈಗ ನಗುತ್ತಾ ಬೈದ, ಲೆಕ್ಕ ಚುಕ್ತಾ ಆಯಿತು.

ಈ ಉಪಾಯ ಎರಡೂ ಕಡೆಯವರಿಗೆ ಗೊತ್ತಿರುವ ಗಾದೆಯಲ್ಲಿ ಮಾತ್ರ ನಡೆಯುತ್ತದೆ. ಪುಸ್ತಕದಿಂದ ಹೆಕ್ಕಿದ ಅಪರೂಪದ ಗಾದೆಯ ಅರ್ಧ ಕಳಿಸಿದರೆ ಅದು ಒಗಟಾಗುತ್ತದೆ, ಆಮೇಲೆ ಅರ್ಥ ಬಿಡಿಸಿ ಹೇಳಬೇಕಾಗಿ ಬಂದು ಮತ್ತೆ ಮೇಷ್ಟ್ರ ಕುರ್ಚಿಗೇ ಹೋಗಿ ಕೂರಬೇಕು.

ಸಂದೇಶದ ಇನ್ನೆರಡು ಸಣ್ಣ ವಿವರಗಳು ಗಮನಕ್ಕೆ ಬರಬೇಕು. ‘ಅನ್ನಂಗಾಯ್ತು ನನ್ ಕಥೆ’ ಎಂಬ ಬಾಲ ಗಾದೆಯನ್ನು ಬರೆದವರ ಕೊರಳಿಗೇ ಕಟ್ಟಿತು. ಅದೇ ಜಾಗದಲ್ಲಿ ‘ಅಂತ ದೊಡ್ಡೋರು ಹೇಳ್ತಾರೆ’ ಎಂದಿದ್ದರೆ ಎಲ್ಲಿಂದಲೋ ಹಿರಿಯರ ಸಾಲೊಂದು ಬಂದು ಹಿಂದೆ ನಿಂತುಬಿಡುತ್ತಿತ್ತು. ಇನ್ನು ಭಾಷೆ. ‘ಉರಿಯಿತು’ ಎಂದು ಬರೆಯದೆ ಅವರು ಮಾತಾಡುವ ಹಾಗೆ ‘ಉರೀತು’ ಎಂದರು, ಸುತ್ತಲಿನ ವಾಕ್ಯಗಳ ನಡುವೆ ಗಾದೆ ಎದ್ದು ಕಾಣಲಿಲ್ಲ. ಆಡುಮಾತಿಗೆ ತಿರುಗಿಸುವಾಗ ಪ್ರಾಸದ ಪದಕ್ಕೆ ಮಾತ್ರ ಕೈ ಹಾಕಬಾರದು. ‘ಅಡುಗೆ ಆದ್ಮೇಲೆ ಒಲೆ ಉರೀತು’ ಎಂದಿದ್ದರೆ ಅರ್ಥ ಉಳಿಯುತ್ತಿತ್ತು, ಆದರೆ ‘ಕೆಟ್ಟ’ ಎಂದು ಉತ್ತರ ಕೊಡಲು ಗೆಳೆಯನಿಗೆ ಕೊಂಡಿ ಸಿಗುತ್ತಿರಲಿಲ್ಲ.

ಗಾದೆ ನಡುವೆ ಕೂತಿತ್ತು, ಮುಂದೆ ಪ್ರಶ್ನೆ, ಅದರ ಮುಂದೆ ಬಸ್ಸು. ಟಾರ್ಪಾಲು ತರಲು ಹೇಳಿದ್ದು ಗಾದೆಗೆ ಬಂದ ಉತ್ತರವಲ್ಲ, ಬಸ್ಸಿಗೆ ಬಂದ ಉತ್ತರ. ಬರುತ್ತೇನೆ ಎಂಬ ಮಾತಿಲ್ಲದಿದ್ದರೆ ಈ ಸಂದೇಶ ಚೆಂದದ ಕ್ಷಮೆಯಷ್ಟೇ ಆಗಿರುತ್ತಿತ್ತು.

ಗೆದ್ದ ಮೇಲಿನ ಎಡವಟ್ಟು

ಭಾನುವಾರ ಇಬ್ಬರೂ ಕಣದಲ್ಲಿ ಕೂತು ವಾಸನೆ ಹಿಡಿದದ್ದನ್ನು ಬೇರೆ ಮಾಡಿದರು. ಅದನ್ನು ಬೇರೆಯಾಗಿಯೇ ಒಣಗಿಸಿ ಕಡಿಮೆ ಬೆಲೆಗೆ ಕೊಡುವುದು ಎಂದಾಯಿತು. ಬೆರೆಸಿದ್ದರೆ ಒಳ್ಳೆಯ ಮೂಟೆಗಳ ಬೆಲೆಯೂ ಬೀಳುತ್ತಿತ್ತು.

ಮುಂದಿನ ವಾರ ಕೆಲಸದವರು ಸಂಕ್ರಾಂತಿಗೆಂದು ಊರಿಗೆ ಹೊರಟರು. ಗಿಡದಲ್ಲಿ ಹಣ್ಣು ಇನ್ನೂ ಇತ್ತು. ತೋಟದವರು ಸುದ್ದಿ ತಿಳಿಸಿದಾಗ ಪೇಟೆಯವರು ಬರೆದದ್ದು ಇಷ್ಟೇ: “ಬರಗಾಲದಲ್ಲಿ ಅಧಿಕ ಮಾಸ. ಎಷ್ಟ್ ದಿನಕ್ಕೆ ವಾಪಸ್ ಬರ್ತಾರಂತೆ?” ನಗು ಬಂತು, ಬೈಗುಳವೂ ಬಂತು, ಎರಡೂ ಕಾಲದ ಮೇಲೆ. ಈ ಗಾದೆ ಯಾರನ್ನೂ ದೂರುವುದಿಲ್ಲ, ಪಂಚಾಂಗವನ್ನು ದೂರುತ್ತದೆ. ಗೆಳೆಯನ ಪಕ್ಕಕ್ಕೆ ನಿಂತು ಒಂದೇ ಕಡೆ ನೋಡಿ ಗೊಣಗಿದ ಹಾಗಾಯಿತು. ಗೊಣಗಲು ಒದಗುವ ಗಾದೆಗಳು ಸಂದೇಶಕ್ಕೆ ಹೇಳಿ ಮಾಡಿಸಿದವು, ಜನ ಮಾತ್ರ ನೀತಿಯ ಗಾದೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ.

ಕೈ ಕುದುರಿತು ಎಂದುಕೊಂಡ ಪೇಟೆಯವರು ಮಾರನೆಯ ರಾತ್ರಿ ಮತ್ತೆ ಎಡವಿದರು. ತೋಟದವರು ಬರೆದಿದ್ದರು: “ಸಾಕಾಗ್ಹೋಗಿದೆ ಕಣೋ. ತೋಟ ಕೊಟ್ಟು ಪೇಟೆ ಸೇರ್ಕೋಬೇಕು ಅನ್ಸ್ತದೆ. ತಿಂಗಳಿಗೆ ಸರಿಯಾಗಿ ಸಂಬಳ, ನೀನೇ ಪುಣ್ಯವಂತ.” ಪೇಟೆಯವರ ಉತ್ತರ: “ದೂರದ ಬೆಟ್ಟ ನುಣ್ಣಗೆ ಕಣೋ.”

“ಹೂಂ. ಗಾದೆ ಪುಸ್ತಕ ತಗೊಂಡಿದೀಯೇನೋ?”

ಮೇಲ್ನೋಟಕ್ಕೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಆಡುಮಾತು ಇದೆ, ಆಜ್ಞೆ ಇಲ್ಲ, ನನ್ನ ಪೇಟೆಯ ಬದುಕೂ ನುಣ್ಣಗಿಲ್ಲ ಎನ್ನುವ ವಿನಯವೂ ಇದೆ. ಆದರೆ ತೋಟದವರು ಮೊದಲ ಸಲ ಬಾಯಿಬಿಟ್ಟು ಒಳಗಿನದನ್ನು ಹೇಳಿಕೊಂಡಿದ್ದರು, ಗಾದೆ ಬಂದು ಪಾತ್ರೆಗೆ ಮುಚ್ಚಳ ಹಾಕಿಬಿಟ್ಟಿತು. ಎಲ್ಲರಿಗೂ ಹೀಗೇ ಅನ್ನಿಸುತ್ತದೆ, ಹಿಂದಿನವರಿಗೂ ಅನ್ನಿಸಿತ್ತು, ನಿನ್ನದೇನು ವಿಶೇಷ ಎಂಬ ಧ್ವನಿ ಯಾವ ಗಾದೆಯ ಅಡಿಯಲ್ಲೂ ಇದ್ದೇ ಇರುತ್ತದೆ. ಸುದ್ದಿ ತಿಳಿಸಿದ ಸಂದೇಶಕ್ಕೆ ಗಾದೆ ನಡೆಯುತ್ತದೆ, ಸಂಕಟ ತೋಡಿಕೊಂಡ ಸಂದೇಶಕ್ಕೆ ನಡೆಯುವುದಿಲ್ಲ. ಎರಡನ್ನೂ ಗುರುತಿಸುವುದು ಅಂಥ ಕಷ್ಟವೂ ಅಲ್ಲ. ಮೊದಲನೆಯದರಲ್ಲಿ ಕಾಫಿ, ಕೆಲಸದವರು, ಮಳೆ ಇರುತ್ತವೆ. ಎರಡನೆಯದರಲ್ಲಿ ‘ಅನ್ಸ್ತದೆ’ ಇರುತ್ತದೆ.

ಎರಡು ದಿನದಲ್ಲಿ ಎರಡು ಗಾದೆ ಎನ್ನುವುದೂ ಹೆಚ್ಚಾಯಿತು. ಒಗ್ಗರಣೆಯಲ್ಲಿ ಒಂದು ಒಣಮೆಣಸಿನಕಾಯಿ ಘಮ, ಹಿಡಿ ಹಾಕಿದರೆ ಕೆಮ್ಮು. ಪೇಟೆಯವರು ಆ ರಾತ್ರಿ ಇನ್ನೊಂದು ಸಂದೇಶ ಬರೆದು ಸರಿಪಡಿಸಲು ಹೋಗದೆ ಫೋನು ಮಾಡಿದರು. ಮುಕ್ಕಾಲು ಗಂಟೆ ಮಾತಾಡಿದರಂತೆ. ಆಮೇಲೆ ತಿಂಗಳಿಗೂ ಹೆಚ್ಚು ಕಾಲ ಅವರ ಸಂದೇಶಗಳಲ್ಲಿ ಗಾದೆ ಸುಳಿಯಲಿಲ್ಲ.

ತಿರುಗಿ ಬಂದದ್ದು

ಮಾರ್ಚಿನಲ್ಲಿ ಹೂಮಳೆ ಬಿತ್ತು. ಮಳೆಯಾದ ಎಂಟು ಹತ್ತು ದಿನಕ್ಕೆ ತೋಟ ಬಿಳಿಯಾಗಿ ಘಮ್ಮೆನ್ನುತ್ತದೆ. ಆದರೆ ಹೂವು ಕಾಯಿ ಕಚ್ಚಿ ನಿಲ್ಲಬೇಕಾದರೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬೇಕು, ಕಾಫಿ ಬೆಳೆಗಾರರು ಅದನ್ನು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಹೂಬಿಟ್ಟ ಗಿಡದ ಫೋಟೊ ಈ ಸಲ ಗುಂಪಿಗೆ ಹೋಗದೆ ನೇರವಾಗಿ ಪೇಟೆಯವರಿಗೇ ಬಂತು. ಅಡಿಯಲ್ಲಿ ಒಂದು ಸಾಲು ಇತ್ತು:

“ದೇವ್ರು ವರ ಕೊಟ್ಟ. ಪೂಜಾರಿ ಏನಂತಾನೋ ನೋಡ್ಬೇಕು.”

‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬುದನ್ನು ಮುರಿದು, ಹೂಮಳೆಯನ್ನು ದೇವರನ್ನಾಗಿ, ಬ್ಯಾಕಿಂಗ್ ಮಳೆಯನ್ನು ಪೂಜಾರಿಯನ್ನಾಗಿ ಮಾಡಿದ್ದರು. ಗಾದೆಯ ‘ಕೊಡ’ ಎಂಬ ಕಡ್ಡಿಮುರಿದ ಮಾತು ‘ಏನಂತಾನೋ’ ಎಂಬ ಪ್ರಶ್ನೆಯಾಗಿತ್ತು, ಉತ್ತರಕ್ಕೆ ಜಾಗ ಬಿಟ್ಟಿತ್ತು. ಪೇಟೆಯವರು ಹೊಸ ಗಾದೆ ಹುಡುಕಲಿಲ್ಲ. ಅದೇ ಗಾದೆಯೊಳಗೇ ನಿಂತು ಬರೆದರು:

“ದಕ್ಷಿಣೆ ನಾನ್ ಇಡ್ತೀನಿ ಬಿಡೋ. ಎಷ್ಟ್ ಇಂಚು ಬೇಕಂತೆ ಅವ್ನಿಗೆ?”

“ಒಂದು ಇಂಚಿಗೆ ಒಪ್ತಾನೆ ಅನ್ಸ್ತದೆ. ನಿನ್ ಟಾರ್ಪಾಲ್ ಇಲ್ಲೇ ಐತೆ, ತಗೊಂಡ್ ಹೋಗಕ್ಕಾದ್ರೂ ಬಾ.”